ನಾಲ್ವರ ಫ್ಲಾಟು, ಒಂದು ಕರೆಂಟ್ ಬಿಲ್ಲು: ಗುಂಪಿಗೆ ಹಾಕುವ ಲೆಕ್ಕ ಹೇಗಿರಬೇಕು?

ಪ್ರಶ್ನೆ: ನಾವು ನಾಲ್ವರು ಒಂದೇ ಫ್ಲಾಟಿನಲ್ಲಿದ್ದೇವೆ. ಕರೆಂಟ್ ಬಿಲ್ ನಾನು ಕಟ್ಟುತ್ತೇನೆ, ಇಂಟರ್ನೆಟ್ ಒಬ್ಬ, ಗ್ಯಾಸ್ ಇನ್ನೊಬ್ಬ. ಪ್ರತಿ ತಿಂಗಳು ಗುಂಪಿನಲ್ಲಿ "ಕರೆಂಟ್ 2,700, ತಲಾ 675" ಅಂತ ಹಾಕುತ್ತೇನೆ. ಈ ಸಲ ಒಬ್ಬ 12 ದಿನ ಇರಲಿಲ್ಲ, ಅವನು "ನಾನ್ಯಾಕೆ ಪೂರ್ತಿ ಕೊಡಲಿ" ಅಂದ. ಏಸಿ ಇರುವುದು ಒಬ್ಬನ ಕೋಣೆಯಲ್ಲಿ ಮಾತ್ರ, ಅವನು ಮೆಸೇಜ್ ನೋಡಿ ಸುಮ್ಮನಿದ್ದಾನೆ. ಮತ್ತೆ ಮತ್ತೆ ಕೇಳಿದರೆ ಜಿಪುಣ ಅನ್ನಿಸಿಕೊಳ್ಳುತ್ತೇನೆ, ಕೇಳದಿದ್ದರೆ ನನ್ನ ಜೇಬಿಗೇ ಕತ್ತರಿ. ಯಾರಿಗೂ ಬೇಜಾರಾಗದ ಹಾಗೆ ಹಂಚೋದು ಹೇಗೆ? ಹಳೆಯ ತಿಂಗಳುಗಳ ಏಸಿ ಲೆಕ್ಕವನ್ನೂ ಈಗ ಕೇಳಬಹುದಾ?

ಉತ್ತರ: ನಿಮ್ಮ ಮೆಸೇಜಿನಲ್ಲಿ ಒಂದು ಮೊತ್ತವಿದೆ, ಒಂದು ಭಾಗಾಕಾರವಿದೆ. ಹೀಗೇಕೆ ಭಾಗಿಸಬೇಕು ಎಂಬ ನಿಯಮ ಅದರಲ್ಲಿಲ್ಲ, ಏಕೆಂದರೆ ಅಂಥ ನಿಯಮವನ್ನು ನೀವು ನಾಲ್ವರೂ ಯಾವತ್ತೂ ಮಾಡಿಕೊಂಡಂತೆ ಕಾಣುವುದಿಲ್ಲ. ಹಾಗಾಗಿ ಪ್ರತಿ ಬಿಲ್ಲಿನೊಂದಿಗೆ ನಿಯಮದ ಚರ್ಚೆಯೂ ಹೊಸದಾಗಿ ಶುರುವಾಗುತ್ತದೆ. ಮೊತ್ತ ಕಣ್ಣೆದುರಿಗೆ ಬಂದ ಮೇಲೆ ನಿಯಮ ಹುಡುಕಲು ಹೊರಟರೆ ಪ್ರತಿಯೊಬ್ಬರಿಗೂ ತಮಗೆ ಕಡಿಮೆ ಬೀಳುವ ನಿಯಮವೇ ಸರಿಯೆನಿಸುತ್ತದೆ. ಅದರಲ್ಲಿ ಯಾರ ದುರಾಸೆಯೂ ಇರಬೇಕಾಗಿಲ್ಲ. ಮುಜುಗರ ಹುಟ್ಟುವುದು ಇಲ್ಲಿಂದಲೇ. ಆದ್ದರಿಂದ ಮೊದಲು ನಿಯಮ, ಆಮೇಲೆ ಲೆಕ್ಕ, ಕೊನೆಗೆ ಮೆಸೇಜು ಎಂಬ ಕ್ರಮದಲ್ಲೇ ಹೋಗೋಣ.

ಅದಕ್ಕೂ ಮುಂಚೆ ಎರಡು ನಂಬಿಕೆಗಳನ್ನು ಬಿಡಿಸಿಕೊಳ್ಳಬೇಕು. ಸಮಪಾಲು ಅಂದರೆ ಯಾವಾಗಲೂ ನ್ಯಾಯ ಎಂಬುದು ಮೊದಲನೆಯದು. ನಾಲ್ವರ ಬಳಕೆಯೂ ಹೆಚ್ಚುಕಡಿಮೆ ಒಂದೇ ಥರ ಇದ್ದರೆ ಅದು ನಿಜ, ಅದಕ್ಕಿಂತ ಸುಲಭದ ದಾರಿಯೂ ಇಲ್ಲ. ಆದರೆ ಒಂದೇ ಕೋಣೆಯಲ್ಲಿ ಓಡುವ ಏಸಿ ಇಡೀ ಮನೆಯ ಬಿಲ್ಲಿನ ಮೂರನೇ ಒಂದು ಭಾಗವನ್ನು ತಿನ್ನಬಲ್ಲದು. ಆಗ ಸಮಪಾಲು ಮಾಡಿದರೆ ಮೂವರು ಸೇರಿ ಒಬ್ಬರ ಬಿಲ್ ಕಟ್ಟಿದಂತಾಗುತ್ತದೆ. ಇಲ್ಲದ ದಿನಗಳ ದುಡ್ಡು ಕೊಡಬೇಕಾಗಿಲ್ಲ ಎಂಬುದು ಎರಡನೆಯ ನಂಬಿಕೆ. ಇದು ಅರ್ಧ ಮಾತ್ರ ಸರಿ. ಫ್ರಿಜ್, ರೂಟರ್, ಬಿಲ್ಲಿನಲ್ಲಿರುವ ನಿಗದಿತ ಶುಲ್ಕ, ಇವು ಯಾರಿದ್ದರೂ ಇಲ್ಲದಿದ್ದರೂ ಒಂದೇ. 12 ದಿನ ಬೇರೆಡೆ ಇದ್ದವರ ಸಾಮಾನು ಆ ಫ್ರಿಜ್ಜಿನಲ್ಲೇ ಇತ್ತು, ಅವರು ವಾಪಸು ಬರುವ ಹೊತ್ತಿಗೆ ಕನೆಕ್ಷನ್ ಉಳಿದಿರಲೂಬೇಕಿತ್ತು.

ಹೀಗಾಗಿ ಕರೆಂಟ್ ಬಿಲ್ಲನ್ನು ಮೂರು ತುಂಡು ಮಾಡಿಕೊಳ್ಳಿ. ಯಾರಿದ್ದರೂ ಇಲ್ಲದಿದ್ದರೂ ಬರುವ ಖರ್ಚನ್ನು ಸಮನಾಗಿ ಹಂಚಬೇಕು. ಒಬ್ಬರೇ ಬಳಸುವ ದೊಡ್ಡ ಉಪಕರಣದ ಖರ್ಚು ಅವರದೇ. ಉಳಿದದ್ದು, ಅಂದರೆ ದೀಪ, ಫ್ಯಾನು, ಗೀಸರ್, ವಾಷಿಂಗ್ ಮೆಷಿನ್, ಯಾರು ಎಷ್ಟು ದಿನ ಇದ್ದರೋ ಆ ಪ್ರಕಾರ. ಇದಕ್ಕಿಂತ ಸೂಕ್ಷ್ಮಕ್ಕೆ ಇಳಿಯಬೇಡಿ. ಯಾರು ಎಷ್ಟು ಹೊತ್ತು ಸ್ನಾನ ಮಾಡಿದರು, ಯಾರ ಲ್ಯಾಪ್‌ಟಾಪ್ ರಾತ್ರಿಯಿಡೀ ಚಾರ್ಜಿಗಿತ್ತು ಎಂದು ನೋಡಲು ಹೊರಟರೆ ಸಿಗುವ ವ್ಯತ್ಯಾಸ ಪುಡಿಗಾಸು, ಮನೆಯಲ್ಲಿ ಒಬ್ಬರ ಮೇಲೊಬ್ಬರಿಗೆ ಕಣ್ಣು ಮಾತ್ರ ಶಾಶ್ವತ. ನಾಲ್ಕೈದು ದಿನದ ಗೈರುಹಾಜರಿಯನ್ನೂ ಲೆಕ್ಕಕ್ಕೆ ತರಬಾರದು ಎಂಬುದು ನನ್ನ ಅಭಿಪ್ರಾಯ. ಸತತ 7 ದಿನ ಅಥವಾ ಅದಕ್ಕಿಂತ ಹೆಚ್ಚು ಇರದಿದ್ದರೆ ಮಾತ್ರ ಕಳೆಯಿರಿ.

ಏಸಿ ಎಷ್ಟು ತಿನ್ನಿತು?

ಇದನ್ನು ಅಂದಾಜಿನಲ್ಲಿ ಹೇಳಿದರೆ ಜಗಳ ಗ್ಯಾರಂಟಿ. ಏಸಿಯ ಮೇಲೆ ಬರೆದಿರುವ ವ್ಯಾಟನ್ನು ಗಂಟೆಗಳಿಂದ ಗುಣಿಸುವುದು ಬಹಳ ಜನ ಮಾಡುವ ತಪ್ಪು. 1,500 ವ್ಯಾಟ್, 8 ಗಂಟೆ, ಅಂದರೆ ರಾತ್ರಿಗೆ 12 ಯೂನಿಟ್ ಎಂದು ಕಾಗದದ ಮೇಲೆ ಬರುತ್ತದೆ. ವಾಸ್ತವದಲ್ಲಿ ಕೋಣೆ ತಂಪಾದ ಮೇಲೆ ಕಂಪ್ರೆಸರ್ ನಿಂತು ನಿಂತು ಓಡುತ್ತದೆ, ಇನ್ವರ್ಟರ್ ಏಸಿಯಾದರೆ ನಿಧಾನಕ್ಕಿಳಿಯುತ್ತದೆ. ನಿಜವಾದ ಬಳಕೆ ಅದರ ಅರ್ಧಕ್ಕಿಂತಲೂ ಕಡಿಮೆ ಇರಬಹುದು. ಏಸಿಯವರು ಸುಮ್ಮನಿರುವುದಕ್ಕೆ ಇಂಥ ಒಂದು ಉಬ್ಬಿದ ಅಂಕಿ ತಮ್ಮ ತಲೆಗೆ ಬಂದೀತು ಎಂಬ ಹೆದರಿಕೆಯೂ ಕಾರಣವಿರಬಹುದು.

ಅಳೆಯಲು ಎರಡು ದಾರಿಯಿದೆ. ಏಸಿಯ ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಕೂರಿಸುವ ಸಣ್ಣ ಎನರ್ಜಿ ಮೀಟರ್ ಸಿಗುತ್ತದೆ. ಅದು ಯೂನಿಟ್ಟನ್ನು ನೇರವಾಗಿ ತೋರಿಸುತ್ತದೆ. ಕೊಳ್ಳುವಾಗ ಅದರ ಆಂಪಿಯರ್ ಸಾಮರ್ಥ್ಯ ನೋಡಿ. ಏಸಿಗೆ 16 ಆಂಪಿಯರಿನದೇ ಬೇಕು, ಕಡಿಮೆ ಸಾಮರ್ಥ್ಯದ್ದು ಬಿಸಿಯಾಗಿ ಕರಗುವ ಅಪಾಯವಿದೆ. ಏಸಿಯನ್ನು ಪ್ಲಗ್ಗಿಲ್ಲದೆ ನೇರ ವೈರಿಗೆ ಜೋಡಿಸಿದ್ದರೆ ಈ ದಾರಿ ಇಲ್ಲ.

ಎರಡನೆಯದಕ್ಕೆ ಖರ್ಚೇ ಇಲ್ಲ. ಮನೆಯ ಮೀಟರಿನ ಫೋಟೊವನ್ನು ರಾತ್ರಿ 10ಕ್ಕೊಂದು, ಬೆಳಿಗ್ಗೆ 6ಕ್ಕೊಂದು ತೆಗೆಯಿರಿ. ಮೂರು ರಾತ್ರಿ ಏಸಿ ಹಾಕಿ, ಮೂರು ರಾತ್ರಿ ಹಾಕದೆ. ಉಳಿದದ್ದೆಲ್ಲ ಎಂದಿನಂತೆಯೇ ಇರಲಿ, ಆ ಹೊತ್ತಿನಲ್ಲಿ ಗೀಸರ್ ಮತ್ತು ವಾಷಿಂಗ್ ಮೆಷಿನ್ ಬೇಡ. ಏಸಿ ಹಾಕಿದ ರಾತ್ರಿಯ ಸರಾಸರಿ 5.1 ಯೂನಿಟ್, ಹಾಕದ ರಾತ್ರಿಯದು 1.6 ಬಂತೆನ್ನಿ. ಏಸಿಯ ಪಾಲು ರಾತ್ರಿಗೆ 3.5 ಯೂನಿಟ್, 30 ರಾತ್ರಿಗೆ 105. ಫೋಟೊಗಳನ್ನು ಏಸಿಯವರ ಕೈಯಲ್ಲೇ ತೆಗೆಸುವುದು ಒಳ್ಳೆಯದು, ತಾವೇ ಓದಿದ ಅಂಕಿಯನ್ನು ಯಾರೂ ಅನುಮಾನಿಸುವುದಿಲ್ಲ. ಸೆಕೆ ಏರಿದಾಗ, ಇಳಿದಾಗ ಈ ಅಂಕಿ ಬದಲಾಗುತ್ತದೆ, ಹಾಗಾಗಿ ಋತು ಬದಲಾದಾಗ ಮತ್ತೊಮ್ಮೆ ಅಳೆಯಿರಿ.

ಯಾರಿದ್ದರೂ ಇಲ್ಲದಿದ್ದರೂ ಓಡುವ ಬಳಕೆಯನ್ನೂ ಇದೇ ಥರ ಹಿಡಿಯಬಹುದು. ನಾಲ್ವರೂ ಹೊರಗಿರುವ ಒಂದು ದಿನ, ಕೊನೆಯವರು ಬಾಗಿಲು ಹಾಕುವಾಗೊಂದು ಫೋಟೊ, ಮೊದಲು ಬಂದವರು ಬೀಗ ತೆಗೆಯುವಾಗೊಂದು ಫೋಟೊ. 10 ಗಂಟೆಯಲ್ಲಿ 0.8 ಯೂನಿಟ್ ಓಡಿದ್ದರೆ 24 ಗಂಟೆಗೆ ಸುಮಾರು 2 ಯೂನಿಟ್, 30 ದಿನಕ್ಕೆ 60. ಒಂದೆರಡು ಗಂಟೆ ಮಾತ್ರ ಅಳೆದರೆ ಸುಳ್ಳು ಅಂಕಿ ಸಿಗುತ್ತದೆ, ಏಕೆಂದರೆ ಫ್ರಿಜ್ಜಿನ ಮೋಟಾರು ಆ ಹೊತ್ತಿನಲ್ಲಿ ಓಡಿರಬಹುದು, ಓಡದೆಯೂ ಇರಬಹುದು.

ನಿಮ್ಮ ಬಿಲ್ಲನ್ನೇ ಹಂಚಿ ನೋಡೋಣ

ನಿಮ್ಮನ್ನು ಕ ಎನ್ನೋಣ. ಏಸಿಯವರು ಖ, 12 ದಿನ ಇರದಿದ್ದವರು ಗ, ನಾಲ್ಕನೆಯವರು ಘ. ನಿಮ್ಮ 2,700ರ ಬಿಲ್ಲಿನಲ್ಲಿ ನಿಗದಿತ ಶುಲ್ಕ 300, ಯೂನಿಟ್ಟಿನ ಹಣ 2,400, ಒಟ್ಟು 300 ಯೂನಿಟ್, ಬಿಲ್ಲಿನ ಅವಧಿ 30 ದಿನ ಎಂದಿಟ್ಟುಕೊಳ್ಳಿ. ಯೂನಿಟ್ಟಿಗೆ ಸರಾಸರಿ 8 ಬಿತ್ತು.

ನಿಗದಿತ 300 ನಾಲ್ಕು ಪಾಲು, ತಲಾ 75. ಸದಾ ಓಡುವ 60 ಯೂನಿಟ್ಟಿಗೆ 480, ಅದೂ ನಾಲ್ಕು ಪಾಲು, ತಲಾ 120. ಏಸಿಯ 105 ಯೂನಿಟ್ಟಿಗೆ 840, ಅದು ಖ ಒಬ್ಬರದೇ. ಉಳಿದದ್ದು 135 ಯೂನಿಟ್, 1,080. ಇದನ್ನು ಹಾಜರಿ ದಿನಗಳಿಗೆ ಹಂಚಬೇಕು. ಮೂವರದು 30ರಂತೆ 90, ಗ ಅವರದು 18, ಒಟ್ಟು 108 ದಿನ. 1,080ನ್ನು 108ರಿಂದ ಭಾಗಿಸಿದರೆ ಒಬ್ಬರ ಒಂದು ದಿನಕ್ಕೆ 10. ಪೂರ್ತಿ ಇದ್ದವರಿಗೆ 300, ಗ ಅವರಿಗೆ 180.

ಕೂಡಿಸಿದರೆ ಕ 495, ಖ 1,335, ಗ 375, ಘ 495. ಒಟ್ಟು 2,700, ಬಿಲ್ಲಿಗೆ ಸರಿಹೋಯಿತು.

ಈಗ 675ರ ಸಮಪಾಲಿನ ಪಕ್ಕ ಇದನ್ನಿಟ್ಟು ನೋಡಿ. ನೀವೂ ಘ ಅವರೂ ತಲಾ 180 ಹೆಚ್ಚು ಕೊಡುತ್ತಿದ್ದಿರಿ. ಗ ಅವರ ಗೊಣಗಾಟಕ್ಕೆ ಕಾರಣವಿತ್ತು, ಅವರು 300 ಹೆಚ್ಚು ಕೊಡಬೇಕಾಗಿ ಬಂದಿತ್ತು. ಆದರೆ ಅವರು ಕಾರಣವನ್ನು ತಪ್ಪಾಗಿ ಗುರುತಿಸಿದ್ದರು. ಆ 300ರಲ್ಲಿ ಅವರು ಮನೆಯಲ್ಲಿ ಇರದಿದ್ದುದರಿಂದ ಕಳೆಯಬೇಕಾದದ್ದು 90 ಮಾತ್ರ, ಮಿಕ್ಕ 210 ಏಸಿಯ 840ರಲ್ಲಿ ನಾಲ್ಕನೇ ಒಂದು ಪಾಲು. ಗುಂಪಿನಲ್ಲಿ ಚರ್ಚೆಯಾದದ್ದು ಗೈರುಹಾಜರಿಯ ಬಗ್ಗೆ, ದೊಡ್ಡ ಮೊತ್ತ ಕೂತಿದ್ದದ್ದು ಮತ್ತೊಂದು ಕಡೆ.

ಖ ಅವರು ಇಲ್ಲೊಂದು ಪ್ರಶ್ನೆ ಎತ್ತಬಹುದು, ಅಥವಾ ಅವರ ವಿರುದ್ಧ ಉಳಿದವರು ಎತ್ತಬಹುದು. ಹಲವು ಕಡೆ ಬಳಕೆ ಹೆಚ್ಚಿದಂತೆ ಯೂನಿಟ್ಟಿನ ದರವೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಏಸಿಯಿಂದಲೇ ಬಿಲ್ಲು ಮೇಲಿನ ಮೆಟ್ಟಿಲಿಗೆ ಹೋಯಿತು, ಆದ್ದರಿಂದ ಆ ದುಬಾರಿ ಯೂನಿಟ್ಟುಗಳೆಲ್ಲ ಏಸಿಯವು ಎಂಬ ವಾದ ಕೇಳಲು ಚೆನ್ನಾಗಿರುತ್ತದೆ. ಆದರೆ ಮೀಟರಿನಲ್ಲಿ ಮೊದಲು ಓಡಿದ್ದು ಗೀಸರಿನ ಯೂನಿಟ್, ಕೊನೆಗೆ ಓಡಿದ್ದು ಏಸಿಯದು ಎಂಬ ಸಾಲು ಇರುವುದಿಲ್ಲ. ಏಸಿಯವರು ಅದೇ ವಾದವನ್ನು ತಿರುಗಿಸಿ "ನಿಮ್ಮ ಗೀಸರ್ ಇಲ್ಲದಿದ್ದರೆ ನನ್ನ ಏಸಿ ಕೆಳಗಿನ ದರದಲ್ಲೇ ಮುಗಿಯುತ್ತಿತ್ತು" ಎನ್ನಬಹುದು. ಅದಕ್ಕೆ ಎಲ್ಲರಿಗೂ ಸರಾಸರಿ ದರವನ್ನೇ ಹಿಡಿಯುವುದು ಮೇಲು. ಮೇಲಿನ ದರ ಕೆಳಗಿನದಕ್ಕಿಂತ ದುಪ್ಪಟ್ಟೋ ಅದಕ್ಕೂ ಹೆಚ್ಚೋ ಇದ್ದರೆ ಮಾತ್ರ ನಾಲ್ವರೂ ಕೂತು ಬೇರೆ ಒಪ್ಪಂದ ಮಾಡಿಕೊಳ್ಳಿ, ಅದೂ ಬಿಲ್ ಬರುವ ಮೊದಲು.

ಒಂಬತ್ತು ಸಲದ ಬದಲು ಮೂರು ಸಲ

ಮೂವರು ಮೂರು ಬಿಲ್ ಕಟ್ಟಿ ಒಬ್ಬೊಬ್ಬರೂ ಪ್ರತ್ಯೇಕವಾಗಿ ವಸೂಲಿ ಮಾಡುತ್ತಿದ್ದೀರಿ. ಪ್ರತಿ ಬಿಲ್ಲಿಗೆ ಮೂವರು ಹಣ ಹಾಕಬೇಕು, ಅಂದರೆ ತಿಂಗಳಿಗೆ 9 ವರ್ಗಾವಣೆ. ಒಂಬತ್ತರಲ್ಲಿ ಒಂದೆರಡು ಮರೆತುಹೋಗುವುದು ಸಹಜ, ಮರೆತದ್ದು ಯಾವುದು ಎಂದು ತಿಂಗಳಾದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಮೂರನ್ನೂ ಒಂದೇ ಕಡೆ ಕೂಡಿಸಿ, ಕೊಟ್ಟದ್ದನ್ನು ಕೊಡಬೇಕಾದದ್ದರಲ್ಲಿ ಕಳೆಯಿರಿ.

ಇಂಟರ್ನೆಟ್ 800, ಕಟ್ಟಿದ್ದು ಘ. ಇದು ಸಮಪಾಲು, ತಲಾ 200. ಗ್ಯಾಸ್ 540, ಕಟ್ಟಿದ್ದು ಗ. ಇದು ಹಾಜರಿಯ ಪ್ರಕಾರ, ದಿನಕ್ಕೆ 5, ಪೂರ್ತಿ ಇದ್ದವರಿಗೆ 150, ಗ ಅವರಿಗೆ 90. ಮೂರೂ ಸೇರಿ ಕ 845 ಕೊಡಬೇಕು, ಕಟ್ಟಿದ್ದು 2,700, ಹಾಗಾಗಿ ಬರಬೇಕಾದದ್ದು 1,855. ಖ 1,685 ಕೊಡಬೇಕು, ಏನೂ ಕಟ್ಟಿಲ್ಲ. ಗ 665 ಕೊಡಬೇಕು, 540 ಕಟ್ಟಿದ್ದಾರೆ, ಬಾಕಿ 125. ಘ 845 ಕೊಡಬೇಕು, 800 ಕಟ್ಟಿದ್ದಾರೆ, ಬಾಕಿ 45. ಮೂರು ಬಾಕಿಗಳ ಮೊತ್ತ 1,855. ಅದು ನಿಮಗೆ ಬರಬೇಕಾದ ಹಣಕ್ಕೆ ಸಮ ಬಂತೆಂದರೆ ಲೆಕ್ಕ ಸರಿಯಿದೆ ಎಂದರ್ಥ. ಸಮ ಬಾರದಿದ್ದರೆ ಮೆಸೇಜು ಕಳಿಸಬೇಡಿ, ಎಲ್ಲೋ ತಪ್ಪಿದೆ.

ಗುಂಪಿಗೆ ಹೋಗಬೇಕಾದದ್ದು ಇಷ್ಟು:

> ಜೂನ್ 5 – ಜುಲೈ 4, 30 ದಿನ. ಮೂರೂ ಬಿಲ್ಲಿನ ಪೂರ್ತಿ ಫೋಟೊ ಮೇಲಿದೆ.
> ಕರೆಂಟ್ 2,700: ಸಮಪಾಲು 780, ಏಸಿ 105 ಯೂನಿಟ್ 840, ಹಾಜರಿ ಪ್ರಕಾರ 1,080 (108 ದಿನ, ದಿನಕ್ಕೆ 10)
> ಇಂಟರ್ನೆಟ್ 800: ತಲಾ 200
> ಗ್ಯಾಸ್ 540: ದಿನಕ್ಕೆ 5
> ಅವರವರು ಕಟ್ಟಿದ್ದು ಕಳೆದು ಬಾಕಿ: ಖ 1,685, ಗ 125, ಘ 45. ಮೂವರೂ ಕ ಅವರಿಗೆ.
> ಲೆಕ್ಕ ತಪ್ಪಿದ್ದರೆ 8ರೊಳಗೆ ಹೇಳಿ. 10ರೊಳಗೆ ಹಣ ಹಾಕಿ, ಹಾಕಿದವರು ಇಲ್ಲೇ ಟಿಕ್ ಮಾಡಿ.

ಇದರಲ್ಲಿ "ದಯವಿಟ್ಟು", "ಸಾರಿ", "ಬೇಜಾರು ಮಾಡ್ಕೋಬೇಡಿ" ಯಾವುದೂ ಇಲ್ಲ ಎನ್ನುವುದನ್ನು ಗಮನಿಸಿ. ಕೊಟ್ಟ ಹಣ ವಾಪಸು ಕೇಳುವಾಗ ಕ್ಷಮೆ ಕೇಳಿದರೆ ನೀವೇನೋ ಉಪಕಾರ ಬೇಡುತ್ತಿದ್ದೀರಿ ಎನ್ನಿಸುತ್ತದೆ, ಮುಜುಗರ ಎರಡೂ ಕಡೆ ಹೆಚ್ಚುತ್ತದೆ. ತಪ್ಪು ಹೇಳಲು ಎರಡು ದಿನದ ಗಡುವು ಕೊಟ್ಟಿರುವುದೂ ಬೇಕೆಂದೇ. ಹಣ ಹಾಕಬೇಕಾದ ದಿನ ಹುಟ್ಟುವ ಅನುಮಾನಗಳು ಆಗ ಮೊದಲೇ ಹೊರಬರುತ್ತವೆ.

ಬಿಲ್ಲಿನ ಪೂರ್ತಿ ಫೋಟೊ ಎಂದದ್ದಕ್ಕೆ ಒಂದು ಕಾರಣವಿದೆ. ಕಟ್ಟಬೇಕಾದ ಮೊತ್ತದ ಸಾಲನ್ನು ಮಾತ್ರ ಕತ್ತರಿಸಿ ಹಾಕಿದರೆ ಅದರೊಳಗೆ ಹಿಂದಿನ ಬಾಕಿ ಸೇರಿರುವುದು ಕಾಣುವುದಿಲ್ಲ. ಹಿಂದಿನ ತಿಂಗಳ ಪಾಲನ್ನು ಎಲ್ಲರಿಂದ ಪಡೆದು, ಕಟ್ಟುವುದು ತಡವಾಗಿ, ಅದು ಈ ಬಿಲ್ಲಿನಲ್ಲಿ ಮತ್ತೆ ಬಂದರೆ ಒಂದೇ ಹಣವನ್ನು ಎರಡು ಸಲ ಹಂಚಿದಂತಾಗುತ್ತದೆ. ಹಂಚುವ ಮುನ್ನ "ಹಿಂದಿನ ಬಾಕಿ" ಸಾಲನ್ನು ತೆಗೆದುಬಿಡಿ. ತಡವಾದ ದಂಡ ಇದ್ದರೆ, ನಿಮಗೆ ಹಣ ಸಮಯಕ್ಕೆ ಬಂದಿದ್ದೂ ನೀವು ಕಟ್ಟದಿದ್ದರೆ ಅದು ನಿಮ್ಮದು, ಯಾರೋ ಕೊಡದೆ ತಡವಾಗಿದ್ದರೆ ಅವರದು. ಮೀಟರ್ ಓದಲಾಗದ ತಿಂಗಳು ಸರಾಸರಿಯ ಮೇಲೆ ಬಿಲ್ ಬರುವುದೂ ಉಂಟು. ಅಂಥ ತಿಂಗಳು ಬಿಲ್ಲಿನ ರೀಡಿಂಗನ್ನು ನಿಮ್ಮ ಫೋಟೊದ ರೀಡಿಂಗಿಗೆ ಹೋಲಿಸಿ. ವ್ಯತ್ಯಾಸ ಮುಂದಿನ ಬಿಲ್ಲಿಗೆ ಬಂದು ಕೂರುತ್ತದೆ ಎಂದು ಗುಂಪಿನಲ್ಲಿ ಒಂದು ಸಾಲು ಬರೆದಿಟ್ಟರೆ ಮುಂದಿನ ತಿಂಗಳ ಗಾಬರಿ ತಪ್ಪುತ್ತದೆ.

10ನೇ ತಾರೀಕು ದಾಟಿದರೆ

ಲೆಕ್ಕ ಗುಂಪಿನಲ್ಲಿರಲಿ, ನೆನಪಿಸುವುದು ಖಾಸಗಿಯಾಗಿರಲಿ. ಗುಂಪಿನಲ್ಲಿ ಹೆಸರು ಹಿಡಿದು ಕೇಳಿದರೆ ಉಳಿದ ಇಬ್ಬರ ಎದುರು ಅವರು ಉತ್ತರ ಕೊಡಬೇಕಾಗುತ್ತದೆ, ಆಗ ಬರುವುದು ಹಣವಲ್ಲ, ಸಮಜಾಯಿಷಿ. "ಯಾರೋ ಇನ್ನೂ ಹಾಕಿಲ್ಲ" ಎಂದು ಹೆಸರಿಲ್ಲದೆ ಬರೆಯುವುದು ಇನ್ನೂ ಕೆಟ್ಟದ್ದು, ಹಾಕಿದವರಿಗೂ ಅದು ಚುಚ್ಚುತ್ತದೆ. 11ರಂದು ಅವರೊಬ್ಬರಿಗೇ ಹೀಗೆ ಬರೆಯಬಹುದು: "ಜೂನ್ ಲೆಕ್ಕದ 1,685 ಇನ್ನೂ ಬಂದಿಲ್ಲ. ಶನಿವಾರದೊಳಗೆ ಹಾಕ್ತೀಯಾ? ಈ ವಾರ ಕಷ್ಟ ಅಂದ್ರೆ ಯಾವತ್ತು ಆಗುತ್ತೆ ಹೇಳು, ಹಾಗೇ ಬರ್ಕೊಳ್ತೀನಿ." ಮೊತ್ತ ಇದೆ, ದಿನ ಇದೆ, ನಿಜವಾಗಿಯೂ ಕೈಯಲ್ಲಿ ಕಾಸಿಲ್ಲದವರಿಗೆ ಮಾನ ಉಳಿಸಿಕೊಂಡು ಹೇಳಲು ಒಂದು ದಾರಿಯೂ ಇದೆ.

ಇಷ್ಟಾದರೂ ಪ್ರತಿ ತಿಂಗಳು ಇದೇ ಹಾಡಾದರೆ ದೋಷ ವ್ಯವಸ್ಥೆಯಲ್ಲಿದೆ. ನೀವು ಎಲ್ಲರಿಗೂ ಬಡ್ಡಿಯಿಲ್ಲದ ಸಾಲ ಕೊಡುತ್ತಿದ್ದೀರಿ, ಸಾಲ ಕೊಟ್ಟವರೇ ವಸೂಲಿಗೂ ನಿಂತಿದ್ದೀರಿ. ಅದಕ್ಕೆ ಪರಿಹಾರ ಮುಂಗಡದ ನಿಧಿ. ತಿಂಗಳ ಒಟ್ಟು ಖರ್ಚು 4,040 ಇರುವ ನಿಮ್ಮ ಮನೆಯಲ್ಲಿ ತಲಾ 1,100 ಮೊದಲೇ ಹಾಕಿಟ್ಟರೆ 4,400 ಆಗುತ್ತದೆ, ಬಿಲ್ಲುಗಳೆಲ್ಲ ಅದರಿಂದಲೇ. ತಿಂಗಳ ಕೊನೆಗೆ ಯಾರ ಪಾಲು ಎಷ್ಟೋ ಅಷ್ಟನ್ನು ಅವರು ತುಂಬಿಸುತ್ತಾರೆ, ಖ 1,685, ಗ 665, ಹೀಗೆ. ತುಂಬಿಸದವರಿಂದ ನಿಮ್ಮ ಜೇಬಿಗೆ ಪೆಟ್ಟಿಲ್ಲ, ಕಡಿಮೆ ಬೀಳುವುದು ಎಲ್ಲರ ನಿಧಿ, ಹಾಗಾಗಿ ಕೇಳುವವರು ಮೂವರು. ಅಪಾಯ ಇಲ್ಲದೆಯೂ ಇಲ್ಲ. ನಿಧಿ ಇಟ್ಟುಕೊಂಡವರ ಸ್ವಂತ ಹಣದೊಂದಿಗೆ ಅದು ಬೆರೆತರೆ ಎರಡೇ ತಿಂಗಳಲ್ಲಿ ಎಷ್ಟು ಉಳಿದಿದೆ ಎಂಬುದು ಗೊತ್ತಾಗದಂತಾಗುತ್ತದೆ. ಬೇರೆ ಖಾತೆ ಸಾಧ್ಯವಿಲ್ಲದಿದ್ದರೆ ತಿಂಗಳ ಮೆಸೇಜಿನ ಕೊನೆಗೆ "ನಿಧಿಯಲ್ಲಿ ಈಗ ಇಷ್ಟು" ಎಂಬ ಸಾಲು ತಪ್ಪದೆ ಇರಬೇಕು. ಸರದಿಯಂತೆ ಒಂದೊಂದು ತಿಂಗಳು ಒಬ್ಬೊಬ್ಬರು ಕಟ್ಟುವ ಪದ್ಧತಿಯನ್ನು ನಾನು ಸೂಚಿಸುವುದಿಲ್ಲ. ಬೇಸಿಗೆಯ ಬಿಲ್ಲು ಯಾರ ಸರದಿಗೆ ಬರುತ್ತದೆ ಎಂಬುದು ಅದೃಷ್ಟದ ಆಟವಾಗುತ್ತದೆ.

ಹಳೆಯ ಏಸಿ ಬಾಕಿ

ಅದನ್ನು ಕೇಳಬೇಡಿ. ಆ ತಿಂಗಳುಗಳಲ್ಲಿ ಅಳತೆ ಇರಲಿಲ್ಲ, ನಿಯಮವಿರಲಿಲ್ಲ, ತಲಾ 675ಕ್ಕೆ ಎಲ್ಲರೂ ಒಪ್ಪಿದ್ದಿರಿ, ಆ ಭಾಗಾಕಾರ ಮಾಡಿ ಗುಂಪಿಗೆ ಹಾಕಿದವರೂ ನೀವೇ. ಮೊದಲೇ ಗೊತ್ತಿದ್ದರೆ ಏಸಿಯನ್ನು ಕಡಿಮೆ ಹಾಕುತ್ತಿದ್ದೆ ಎಂದು ಖ ಹೇಳಿದರೆ ನಿಮ್ಮಲ್ಲಿ ಉತ್ತರವಿರುವುದಿಲ್ಲ. ಚರ್ಚೆಯಲ್ಲಿರುವ ಈ ಬಿಲ್ಲಿಗೂ ಇದೇ ಅನ್ವಯ: ಖ ತಾವಾಗಿ ಒಪ್ಪಿದರೆ ಮೇಲಿನಂತೆ ಹಂಚಿ, ಇಲ್ಲದಿದ್ದರೆ ಗ ಅವರಿಗೆ ಹಾಜರಿಯ 90 ಮಾತ್ರ ಬಿಟ್ಟು, ಅದನ್ನು ಉಳಿದ ಮೂವರು ತಲಾ 30ರಂತೆ ಹೊತ್ತುಕೊಂಡು ಮುಗಿಸಿ. ಆಗ ಗ 585, ನೀವು ಮೂವರು ತಲಾ 705.

ನಿಯಮದ ಮಾತನ್ನು ಮೆಸೇಜಿನಲ್ಲಿ ಶುರು ಮಾಡಬೇಡಿ. ನಾಲ್ವರೂ ಮನೆಯಲ್ಲಿರುವಾಗ ಹತ್ತು ನಿಮಿಷ ಕೂತು ಮಾತಾಡಿ, ಅದಕ್ಕೂ ಮೊದಲು ಖ ಒಬ್ಬರಿಗೇ ಬಾಯಲ್ಲಿ ಹೇಳಿ: "ಮುಂದಿನ ರೀಡಿಂಗಿನಿಂದ ಏಸಿ ಬೇರೆ ಅಳೆಯೋಣ ಅಂತಿದ್ದೀನಿ. ಹಳೇದು ಯಾರೂ ಕೇಳಲ್ಲ. ಮೀಟರ್ ನೀನೇ ನೋಡು." ಒಬ್ಬರ ಎದುರು ಮೂವರು ಕೂತಂತೆ ಆಗಬಾರದು. ಒಪ್ಪಿದ ಮೇಲೆ ನಿಯಮವನ್ನು ನಾಲ್ಕು ಸಾಲಿನಲ್ಲಿ ಬರೆದು ಗುಂಪಿನ ಮೇಲ್ಭಾಗಕ್ಕೆ ಪಿನ್ ಮಾಡಿ: ಯಾವುದು ಸಮಪಾಲು, ಯಾವುದು ಹಾಜರಿ, ಏಸಿ ಹೇಗೆ, ಯಾವ ರೀಡಿಂಗಿನಿಂದ ಜಾರಿ.

ಅದೇ ಸಾಲುಗಳಿಗೆ ಇನ್ನೆರಡನ್ನು ಈಗಲೇ ಸೇರಿಸಿಬಿಡಿ. ಅತಿಥಿ 3 ರಾತ್ರಿಗಿಂತ ಹೆಚ್ಚು ಉಳಿದರೆ ನಾಲ್ಕನೇ ರಾತ್ರಿಯಿಂದ ಆ ದಿನಗಳು ಕರೆದವರ ಹಾಜರಿಗೆ ಸೇರುತ್ತವೆ. ಯಾರಾದರೂ ಮನೆ ಬಿಡುವಾಗ ಸಾಮಾನು ಸಾಗಿಸುವ ದಿನವೇ ಮೀಟರಿನ ಫೋಟೊ ತೆಗೆದು ಗುಂಪಿಗೆ ಹಾಕಬೇಕು. ಬಿಲ್ ಬರಲು ವಾರಗಳಾಗಬಹುದು, ಆದ್ದರಿಂದ ಹಿಂದಿನ ತಿಂಗಳ ದರದಲ್ಲೇ ಆ ದಿನದವರೆಗಿನ ಪಾಲನ್ನು ಹಿಡಿದುಕೊಂಡು ಮುಂಗಡದ ಉಳಿಕೆಯನ್ನು ಅಂದೇ ವಾಪಸು ಕೊಡಿ. ಬಿಲ್ ಬಂದಾಗ ವ್ಯತ್ಯಾಸ ಸಣ್ಣದಿದ್ದರೆ ಉಳಿದವರು ಹೊತ್ತುಕೊಳ್ಳಿ. ಎಷ್ಟನ್ನು ಸಣ್ಣದು ಎನ್ನಬೇಕು ಎಂಬ ಅಂಕಿಯೂ ಆ ಪಿನ್ ಮಾಡಿದ ಸಾಲುಗಳಲ್ಲೇ ಇರಲಿ.